ಹಿಂದಿನ ವರದಿಗಳ ಮರುಗಣನೆ

ಲೆಕ್ಕದ ಸೂತ್ರವೊಂದರಲ್ಲಿ ದೋಷ ಕಂಡು ಅದನ್ನು ಸರಿಪಡಿಸಿದ ಮೇಲೆ, ಹಳೆಯ ಸೂತ್ರದಿಂದ ಈಗಾಗಲೇ ಹೊರಬಿದ್ದಿರುವ ವರದಿಗಳ ಅಂಕಿಗಳನ್ನೂ ಹೊಸ ಸೂತ್ರದ ಪ್ರಕಾರ ಮತ್ತೆ ಲೆಕ್ಕ ಹಾಕುವ ಕೆಲಸ. ಕಂಪನಿಗಳ ದತ್ತಾಂಶ ವಿಭಾಗದವರು ಇದನ್ನು ‘ಬ್ಯಾಕ್‌ಫಿಲ್’ ಎನ್ನುತ್ತಾರೆ. ಸರ್ಕಾರದ ಅಂಕಿಅಂಶ ಕಚೇರಿಗಳಲ್ಲಿ ‘ಬ್ಯಾಕ್ ಸೀರೀಸ್’ ಎಂಬ ಹೆಸರು ಬಳಕೆಯಲ್ಲಿದೆ. ಎರಡೂ ಕಡೆ ಲೆಕ್ಕಕ್ಕಿಂತ ಹೆಚ್ಚು ತಲೆನೋವು ಕೊಡುವುದು ಓದುಗರು. ಹಳೆಯ ಅಂಕಿಯನ್ನು ನೋಡಿ, ಅದನ್ನು ನಂಬಿ, ಅದರ ಮೇಲೆ ಬಜೆಟ್ಟನ್ನೋ ಬೋನಸ್ಸನ್ನೋ ಭಾಷಣವನ್ನೋ ಕಟ್ಟಿದವರಿಗೆ ಅದೇ ತಿಂಗಳಿಗೆ, ಅದೇ ವರ್ಷಕ್ಕೆ ಬೇರೆ ಅಂಕಿ ಕಂಡರೆ ಯಾವುದನ್ನು ನಂಬಬೇಕೆಂಬ ಪ್ರಶ್ನೆ ಏಳುತ್ತದೆ.

ಭಾರತದಲ್ಲಿ ಇದರ ದೊಡ್ಡ ನಿದರ್ಶನ 2015ರಿಂದ 2018ರವರೆಗೆ ನಡೆದ ಜಿಡಿಪಿ ಸರಣಿಯ ಮರುಗಣನೆ. ಅದಕ್ಕೆ ಮುನ್ನ ಕೆಲಸದ ಕ್ರಮವನ್ನು ಚಿಕ್ಕ ಲೆಕ್ಕವೊಂದರಲ್ಲಿ ನೋಡುವುದು ಅನುಕೂಲ.

ಒಂದು ಮಾದರಿ ಲೆಕ್ಕ

ಆನ್‌ಲೈನಿನಲ್ಲಿ ಬಟ್ಟೆ ಮಾರುವ ಕಂಪನಿಯೊಂದಿದೆ ಎಂದು ಊಹಿಸಿಕೊಳ್ಳಬಹುದು. ಗಿರಾಕಿಗಳು ಎಷ್ಟು ಮಾಲು ವಾಪಸು ಕಳಿಸುತ್ತಾರೆ ಎಂಬುದು ಅಲ್ಲಿ ಪ್ರತಿ ತಿಂಗಳೂ ನೋಡುವ ಅಳತೆ. ಹಳೆಯ ಸೂತ್ರ ಸರಳವಾಗಿತ್ತು: ಆ ತಿಂಗಳು ಗೋದಾಮಿಗೆ ಮರಳಿದ ಮಾಲನ್ನು ಆ ತಿಂಗಳು ತಲುಪಿಸಿದ ಮಾಲಿನಿಂದ ಭಾಗಿಸುವುದು. ದಸರಾ, ದೀಪಾವಳಿಯ ಭರಾಟೆಯಲ್ಲಿ ಅಕ್ಟೋಬರಿನಲ್ಲಿ 50,000 ಆರ್ಡರು ತಲುಪಿದವು, 3,000 ಮರಳಿದವು, ದರ ಶೇ. 6. ನವೆಂಬರಿನಲ್ಲಿ 30,000 ತಲುಪಿದವು, 4,500 ಮರಳಿದವು, ದರ ಶೇ. 15. ವರದಿ ನೋಡಿದವರು ಗುಣಮಟ್ಟ ಹಾಳಾಗಿದೆ ಎಂದು ಗಾಬರಿಬಿದ್ದರು.

ದೋಷ ಇದ್ದದ್ದು ಸೂತ್ರದಲ್ಲಿ. ನವೆಂಬರಿನಲ್ಲಿ ಮರಳಿದ ಮಾಲಿನ ಹೆಚ್ಚಿನ ಪಾಲು ಅಕ್ಟೋಬರಿನಲ್ಲಿ ಮಾರಿದ್ದು. ಮೇಲಿನ ಸಂಖ್ಯೆ ಹಬ್ಬದ ತಿಂಗಳದು, ಕೆಳಗಿನ ಸಂಖ್ಯೆ ಹಬ್ಬ ಮುಗಿದ ತಿಂಗಳದು. ಹೊಸ ಸೂತ್ರ, ಒಂದು ತಿಂಗಳು ತಲುಪಿಸಿದ ಆರ್ಡರುಗಳಲ್ಲಿ ಎಷ್ಟು 30 ದಿನದೊಳಗೆ ಮರಳಿದವು ಎಂದು ನೋಡುತ್ತದೆ. ಆ ಪ್ರಕಾರ ಅಕ್ಟೋಬರಿನ 50,000ದಲ್ಲಿ 5,000, ಅಂದರೆ ಶೇ. 10, ನವೆಂಬರಿನ 30,000ದಲ್ಲಿ 2,700, ಅಂದರೆ ಶೇ. 9. ಏರಿಕೆ ಎಂದು ಕಂಡದ್ದು ಇಳಿಕೆಯಾಯಿತು.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪೆಂದರೆ ಹೊಸ ಸೂತ್ರವನ್ನು ನೇರವಾಗಿ ಓಡಿಸಿ, ಹಳೆಯ ಅಂಕಿಯ ಮೇಲೆಯೇ ಹೊಸದನ್ನು ಬರೆದುಬಿಡುವುದು. ಆಗ ಶೇ. 6 ಹೇಗೆ ಶೇ. 10 ಆಯಿತು ಎಂದು ಯಾರಾದರೂ ಕೇಳಿದರೆ ಪೂರ್ತಿ ಉತ್ತರ ಸಿಗುವುದಿಲ್ಲ. ಏಕೆಂದರೆ ವ್ಯತ್ಯಾಸದ ಒಂದು ಭಾಗ ಸೂತ್ರದಿಂದ ಬಂದಿದ್ದರೆ, ಇನ್ನೊಂದು ಭಾಗ ದತ್ತಾಂಶದಿಂದಲೇ ಬಂದಿರುತ್ತದೆ: ವರದಿ ಹೊರಟ ಮೇಲೆ ದಾಖಲಾದ ರಸೀದಿಗಳು, ತಿದ್ದಿದ ನಮೂದುಗಳು. ಆದ್ದರಿಂದ ಪಳಗಿದವರು ಹೊಸ ಸೂತ್ರಕ್ಕೆ ಕೈ ಹಾಕುವ ಮೊದಲು ಹಳೆಯ ಸೂತ್ರವನ್ನೇ ಇಂದಿನ ದತ್ತಾಂಶದ ಮೇಲೆ ಇನ್ನೊಮ್ಮೆ ಓಡಿಸುತ್ತಾರೆ. ನಮ್ಮ ಮಾದರಿಯಲ್ಲಿ ಅಕ್ಟೋಬರಿಗೆ 100, ನವೆಂಬರಿಗೆ 60 ಮರಳಿದ ಮಾಲಿನ ನಮೂದುಗಳು ತಡವಾಗಿ ಸೇರಿದ್ದವು ಎಂದಿಟ್ಟುಕೊಂಡರೆ ಲೆಕ್ಕ ಹೀಗೆ ನಿಲ್ಲುತ್ತದೆ:

| ತಿಂಗಳು | ಅಂದು ಪ್ರಕಟವಾದದ್ದು | ಹಳೆಯ ಸೂತ್ರ, ಇಂದಿನ ದತ್ತಾಂಶ | ಹೊಸ ಸೂತ್ರ, ಇಂದಿನ ದತ್ತಾಂಶ |
|---|---|---|---|
| ಅಕ್ಟೋಬರ್ | 6.0 | 6.2 | 10.0 |
| ನವೆಂಬರ್ | 15.0 | 15.2 | 9.0 |

ಮೊದಲ ಎರಡು ಕಾಲಮುಗಳ ನಡುವಿನ 0.2 ತಡವಾಗಿ ಬಂದ ದತ್ತಾಂಶದ್ದು. ಉಳಿದದ್ದು, ಅಕ್ಟೋಬರಿಗೆ 3.8ರ ಏರಿಕೆ, ನವೆಂಬರಿಗೆ 6.2ರ ಇಳಿಕೆ, ಸೂತ್ರದ್ದು. ಹಳೆಯ ವರದಿ ಕೈಯಲ್ಲಿರುವವನು ತನ್ನ 6.0 ಅನ್ನು ಈ ಕೋಷ್ಟಕದಲ್ಲಿ ಗುರುತಿಸಬಲ್ಲ, ಅಲ್ಲಿಂದ 10.0ಗೆ ಹೇಗೆ ಬಂದೆವೆಂದು ತಾನೇ ನಡೆದು ನೋಡಬಲ್ಲ. ನಡುವಿನ ಕಾಲಮನ್ನು ತೆಗೆದುಹಾಕಿದರೆ ಈ ದಾರಿ ಕಡಿದುಹೋಗುತ್ತದೆ. ಮಾತ್ರವಲ್ಲ, ಮೊದಲೆರಡು ಕಾಲಮುಗಳ ನಡುವೆ ದೊಡ್ಡ ಅಂತರ ಕಂಡರೆ ಅದೇ ಒಂದು ಎಚ್ಚರಿಕೆ. ಕೆಳಗಿನ ದತ್ತಾಂಶದಲ್ಲಿ ಬೇರೇನೋ ಬದಲಾಗಿದೆ, ಅದು ತಿಳಿಯುವ ತನಕ ಹೊಸ ಅಂಕಿಗಳನ್ನು ಹೊರಬಿಡಬಾರದು.

ಅಂಥ ಅಂತರಕ್ಕೆ ಮತ್ತೆ ಮತ್ತೆ ಸಿಗುವ ಕಾರಣವೊಂದಿದೆ. ಹಳೆಯ ಆರ್ಡರುಗಳನ್ನು ಇಂದಿನ ವಿಂಗಡಣೆ ಪಟ್ಟಿಗೆ ಜೋಡಿಸಿ ಲೆಕ್ಕ ಹಾಕುವುದು. ಕಳೆದ ವರ್ಷ ‘ಮಕ್ಕಳ ಉಡುಪು’ ಎಂಬ ತಲೆಬರಹದಡಿ ಇದ್ದ ಸಾಮಾನು ಈಗ ‘ಶಾಲಾ ಸಮವಸ್ತ್ರ’ಕ್ಕೆ ಹೋಗಿರಬಹುದು. ಒಟ್ಟು ಮೊತ್ತ ತಾಳೆಯಾಗುತ್ತದೆ, ವಿಭಾಗವಾರು ಅಂಕಿಗಳು ಮಾತ್ರ ಅದಲುಬದಲಾಗಿರುತ್ತವೆ. ಹೀಗಾಗಿ ಒಟ್ಟು ಮೊತ್ತವನ್ನಷ್ಟೇ ತಾಳೆ ನೋಡಿದರೆ ಸಾಲದು.

ಹಳೆಯದನ್ನು ಅಳಿಸದೆ ಇಡುವುದು

ಮೇಲಿನ ಕೋಷ್ಟಕದ ಮೊದಲ ಕಾಲಮು ಸಿಗಬೇಕಾದರೆ ಅಂದು ಪ್ರಕಟವಾದ ಅಂಕಿ ಎಲ್ಲೋ ಹಾಗೆಯೇ ಉಳಿದಿರಬೇಕು. ಇದಕ್ಕಾಗಿ ಪ್ರತಿ ಅಂಕಿಯ ಜೊತೆ ಮೂರು ಸಂಗತಿಗಳನ್ನು ದಾಖಲಿಸುತ್ತಾರೆ: ಅಂಕಿ ಯಾವ ಅವಧಿಗೆ ಸೇರಿದ್ದು, ಸೂತ್ರದ ಎಷ್ಟನೇ ಆವೃತ್ತಿಯಿಂದ ಬಂದದ್ದು, ಎಂದು ಪ್ರಕಟವಾದದ್ದು. ಮರುಗಣನೆ ನಡೆದಾಗ ಹಳೆಯ ಸಾಲನ್ನು ತಿದ್ದದೆ ಹೊಸ ಸಾಲನ್ನು ಸೇರಿಸುತ್ತಾರೆ. 2024ರ ಡಿಸೆಂಬರ್ 5ರ ಸಭೆಯಲ್ಲಿ ಅಕ್ಟೋಬರಿನ ಯಾವ ಅಂಕಿ ಎಲ್ಲರ ಮುಂದಿತ್ತು ಎಂದು ತಿಳಿಯಲು ಆಗ ಇಷ್ಟು ಸಾಕು:

```sql
select value, formula_version
from metric_history
where metric = 'return_rate'
  and period = date '2024-10-01'
  and published_at <= timestamp '2024-12-05 10:00'
order by published_at desc
limit 1;
```

ಪ್ರಕಟಣೆಯ ದಿನಾಂಕಕ್ಕೆ ಮಿತಿ ಹಾಕಿದ ಸಾಲನ್ನು ತೆಗೆದರೆ ಇಂದಿನ ಅಂಕಿ ಬರುತ್ತದೆ. ಅಮೆರಿಕದ ಸೇಂಟ್ ಲೂಯಿಸ್ ಫೆಡರಲ್ ರಿಸರ್ವ್ ಬ್ಯಾಂಕು ‘ಆಲ್ಫ್ರೆಡ್’ ಎಂಬ ಭಂಡಾರದಲ್ಲಿ ಆ ದೇಶದ ಆರ್ಥಿಕ ಸರಣಿಗಳನ್ನು ಈ ಕ್ರಮದಲ್ಲೇ ಇಟ್ಟಿದೆ. ಹಿಂದಿನ ಯಾವುದೋ ಒಂದು ದಿನ ಬಡ್ಡಿದರದ ತೀರ್ಮಾನ ಮಾಡಿದವರ ಕಣ್ಣಿಗೆ ಯಾವ ಅಂಕಿ ಬಿದ್ದಿತ್ತೆಂದು ಅಲ್ಲಿ ಹುಡುಕಿ ತೆಗೆಯಬಹುದು.

ವರ್ಷದ ಹೋಲಿಕೆಗಳಲ್ಲಿ ಇನ್ನೊಂದು ಅಪಾಯವಿದೆ. ಮರುಗಣನೆ ಅರ್ಧಕ್ಕೆ ನಿಂತಿರುವಾಗ ಈ ವರ್ಷದ ಅಕ್ಟೋಬರು ಹೊಸ ಸೂತ್ರದಲ್ಲೂ ಕಳೆದ ವರ್ಷದ ಅಕ್ಟೋಬರು ಹಳೆಯದರಲ್ಲೂ ಇರುತ್ತವೆ, ಪರದೆಯ ಮೇಲೆ ಎರಡೂ ಒಂದೇ ಗೆರೆಯಾಗಿ ಕಾಣುತ್ತವೆ. ಇದನ್ನು ತಪ್ಪಿಸಲು ಮರುಗಣನೆಯನ್ನು ಪಕ್ಕದಲ್ಲಿ ಪೂರ್ತಿ ಮುಗಿಸಿ, ಎಲ್ಲ ಅವಧಿಗಳನ್ನೂ ಒಂದೇ ದಿನ ಬದಲಿಸುತ್ತಾರೆ. ಆ ದಿನ ತಾನಾಗಿ ಹೋಗುವ ಎಚ್ಚರಿಕೆ ಸಂದೇಶಗಳನ್ನೂ ತಡೆಹಿಡಿಯಬೇಕು. ಇಲ್ಲದಿದ್ದರೆ ಎರಡು ವರ್ಷ ಹಿಂದಿನ ತಿಂಗಳು ಮಿತಿ ಮೀರಿದೆ ಎಂಬ ಇಮೇಲುಗಳು ಬೆಳಗಾಗುವುದರೊಳಗೆ ಎಲ್ಲರ ಪೆಟ್ಟಿಗೆಯಲ್ಲಿ ಕೂತಿರುತ್ತವೆ.

ಭಾರತದ ಜಿಡಿಪಿ ಸರಣಿ, 2015–2018

2015ರ ಜನವರಿ 30ರಂದು ಕೇಂದ್ರ ಸಾಂಖ್ಯಿಕ ಕಚೇರಿ ರಾಷ್ಟ್ರೀಯ ಲೆಕ್ಕಗಳ ಹೊಸ ಸರಣಿಯನ್ನು ಪ್ರಕಟಿಸಿತು. ಮೂಲ ವರ್ಷ 2004-05ರಿಂದ 2011-12ಕ್ಕೆ ಬದಲಾಯಿತು. ಮೂಲ ವರ್ಷವನ್ನು ಕಾಲಕಾಲಕ್ಕೆ ಬದಲಿಸುವುದು ವಾಡಿಕೆ. ಈ ಬಾರಿ ವಿಧಾನವೂ ಜೊತೆಗೇ ಬದಲಾಗಿತ್ತು. ಖಾಸಗಿ ಕಂಪನಿಗಳ ಉತ್ಪಾದನೆಯನ್ನು ಅಂದಾಜು ಮಾಡಲು ಅದುವರೆಗೆ ರಿಸರ್ವ್ ಬ್ಯಾಂಕ್ ಆಯ್ದ ಕೆಲವು ಸಾವಿರ ಕಂಪನಿಗಳ ಅಧ್ಯಯನವನ್ನು ನೆಚ್ಚಿಕೊಂಡಿದ್ದರು. ಅದರ ಜಾಗಕ್ಕೆ ಕಂಪನಿ ವ್ಯವಹಾರಗಳ ಸಚಿವಾಲಯದ ‘ಎಂಸಿಎ21’ ಕಡತ ಬಂತು. ಅದರಲ್ಲಿ ಲಕ್ಷಗಟ್ಟಲೆ ಕಂಪನಿಗಳು ಆನ್‌ಲೈನಿನಲ್ಲಿ ಸಲ್ಲಿಸಿದ ಲೆಕ್ಕಪತ್ರಗಳಿವೆ.

ಜನರನ್ನು ಗೊಂದಲಕ್ಕೆ ತಳ್ಳಿದ್ದು ಒಂದು ಜೋಡಿ ಅಂಕಿ. 2013-14ರ ಬೆಳವಣಿಗೆ ಹಳೆಯ ಸರಣಿಯಲ್ಲಿ ಶೇ. 4.7, ಹೊಸದರಲ್ಲಿ ಶೇ. 6.9. ಒಂದೇ ವರ್ಷ ಮಂದಗತಿಯ ವರ್ಷವಾಗಿಯೂ ಚೇತರಿಕೆಯ ವರ್ಷವಾಗಿಯೂ ಕಂಡಿತು. ಪತ್ರಿಕೆಗಳು ಎರಡನ್ನೂ ಅಕ್ಕಪಕ್ಕ ಮುದ್ರಿಸಿದವು. ಆದರೆ ಅವೆರಡೂ ಒಂದೇ ವಸ್ತುವಿನ ಅಳತೆಯಾಗಿರಲಿಲ್ಲ. ಶೇ. 4.7 ಎಂಬುದು ಉತ್ಪಾದನಾಂಗ ವೆಚ್ಚದ ಲೆಕ್ಕ; ಶೇ. 6.9 ತೆರಿಗೆ, ಸಬ್ಸಿಡಿಗಳು ಸೇರಿದ ಮಾರುಕಟ್ಟೆ ಬೆಲೆಯ ಲೆಕ್ಕ. ಮುಖ್ಯ ಅಂಕಿ ಯಾವುದೆಂಬ ಆಯ್ಕೆಯನ್ನೇ ಹೊಸ ಸರಣಿ ಬದಲಿಸಿತ್ತು. ಹಳೆಯ ಸರಣಿಯಲ್ಲೂ ಮಾರುಕಟ್ಟೆ ಬೆಲೆಯ ಬೆಳವಣಿಗೆ ಇತ್ತು, ಅದು ಶೇ. 5.0. ಅಂದರೆ 2.2 ಅಂಶಗಳ ಅಂತರದಲ್ಲಿ 0.3 ಬರಿಯ ಶೀರ್ಷಿಕೆ ಬದಲಾವಣೆಯದು, ಮಿಕ್ಕ 1.9 ವಿಧಾನ ಮತ್ತು ದತ್ತಾಂಶದ್ದು. ಬಟ್ಟೆ ಕಂಪನಿಯ ಕೋಷ್ಟಕದಲ್ಲಿ ನಡುವಿನ ಕಾಲಮು ಮಾಡಿದ ಕೆಲಸವನ್ನು ಇಲ್ಲಿ ಶೇ. 5.0 ಮಾಡಬಹುದಿತ್ತು. ಸುದ್ದಿಯಲ್ಲಿ ಅದು ಹೆಚ್ಚು ಕಾಣಲಿಲ್ಲ. ಇನ್ನೊಂದು ವಿಚಿತ್ರವೂ ಇತ್ತು: ಬೆಳವಣಿಗೆ ದರ ಏರಿದ್ದರೂ 2011-12ರ ಅರ್ಥವ್ಯವಸ್ಥೆಯ ಗಾತ್ರ ಹೊಸ ಸರಣಿಯಲ್ಲಿ ಸುಮಾರು ಶೇ. 2ರಷ್ಟು ಕುಗ್ಗಿತ್ತು.

ಹೊಸ ಸರಣಿ ಆರಂಭವಾದದ್ದು 2011-12ರಿಂದ. ಅದಕ್ಕೂ ಹಿಂದಿನ ವರ್ಷಗಳು ಹಳೆಯ ಅಳತೆಯಲ್ಲೇ ಉಳಿದವು. ಹತ್ತು ಹದಿನೈದು ವರ್ಷಗಳ ಉದ್ದದ ಸರಣಿ ಬೇಕಿದ್ದ ಅರ್ಥಶಾಸ್ತ್ರಜ್ಞರು ತಾವೇ ಎರಡನ್ನು ಜೋಡಿಸಿಕೊಳ್ಳತೊಡಗಿದರು. ಜೋಡಿಸುವ ಅತಿ ಸುಲಭದ ದಾರಿ, ಎರಡೂ ಸರಣಿಗಳಲ್ಲಿರುವ ಒಂದು ವರ್ಷವನ್ನು ಹಿಡಿದು, ಅಲ್ಲಿನ ಹೊಸ ಅಂಕಿಯನ್ನು ಹಳೆಯದರಿಂದ ಭಾಗಿಸಿ, ಬಂದ ಗುಣಕದಿಂದ ಹಿಂದಿನ ಎಲ್ಲ ವರ್ಷಗಳನ್ನೂ ಗುಣಿಸುವುದು. 2011-12ರ ಹೊಸ ಗಾತ್ರ ಹಳೆಯದರ 0.98ರಷ್ಟಿದ್ದರೆ 2005-06ನ್ನೂ 2008-09ನ್ನೂ 0.98ರಿಂದ ಗುಣಿಸಿದರೆ ಆಯಿತು. ಗೆರೆ ಮುರಿಯದೆ ಮುಂದುವರಿಯುತ್ತದೆ. ಆದರೆ ಎಲ್ಲ ವರ್ಷಗಳನ್ನೂ ಒಂದೇ ಸಂಖ್ಯೆಯಿಂದ ಗುಣಿಸಿದಾಗ ವರ್ಷದಿಂದ ವರ್ಷಕ್ಕೆ ಆಗುವ ಬೆಳವಣಿಗೆಯ ದರ ಒಂದಿಷ್ಟೂ ಬದಲಾಗುವುದಿಲ್ಲ. ಹೊಸ ಸೂತ್ರ ಹಿಂದಿನ ವರ್ಷಗಳ ಬಗ್ಗೆ ಏನು ಹೇಳುತ್ತಿತ್ತೋ ಅದು ಇದರಿಂದ ತಿಳಿಯುವುದೇ ಇಲ್ಲ; ಹಳೆಯ ಸೂತ್ರದ ಉತ್ತರವೇ ಹೊಸ ಮಟ್ಟಕ್ಕೆ ಇಳಿದು ಕೂರುತ್ತದೆ. ಇದನ್ನು ಜೋಡಣೆ ಎನ್ನಬಹುದು, ಮರುಗಣನೆ ಎನ್ನಲಾಗದು.

ನಿಜವಾದ ಮರುಗಣನೆಗೆ ಅಡ್ಡಿಯಾದದ್ದು ಮೂಲ ದತ್ತಾಂಶ. ಎಂಸಿಎ21 ಯೋಜನೆ ಶುರುವಾದದ್ದೇ 2006ರಲ್ಲಿ. ಹೊಸ ವಿಧಾನಕ್ಕೆ ಬೇಕಾದ ಕಂಪನಿ ಲೆಕ್ಕಗಳು ಹಿಂದಿನ ವರ್ಷಗಳಿಗೆ ಅದೇ ರೂಪದಲ್ಲಿ, ಅದೇ ವ್ಯಾಪ್ತಿಯಲ್ಲಿ ಸಿಗುತ್ತಿರಲಿಲ್ಲ. ಹಾಗಾಗಿ ಪರ್ಯಾಯ ವಿಧಾನಗಳನ್ನು ಹುಡುಕಬೇಕಾಯಿತು. ರಾಷ್ಟ್ರೀಯ ಸಾಂಖ್ಯಿಕ ಆಯೋಗ ನೇಮಿಸಿದ್ದ, ಸುದೀಪ್ತೊ ಮಂಡಲ್ ಅಧ್ಯಕ್ಷತೆಯ ಸಮಿತಿ 2018ರಲ್ಲಿ ಇಂಥದೊಂದು ಪ್ರಯೋಗವನ್ನು ವರದಿಯಲ್ಲಿ ಮುಂದಿಟ್ಟಿತು. ಸ್ಥೂಲವಾಗಿ ಹೇಳುವುದಾದರೆ, ಎರಡೂ ಸರಣಿಗಳಿಗೆ ಅಂಕಿಗಳಿರುವ ವರ್ಷಗಳಲ್ಲಿ ಕಂಡ ಅಂತರವನ್ನು ವಲಯವಾರು ಅಳೆದು, ಅದನ್ನು ಹಿಂದಿನ ವರ್ಷಗಳಿಗೆ ಸಾಗಿಸುವ ಪ್ರಯತ್ನ ಅದು. ಆ ಲೆಕ್ಕದಲ್ಲಿ, ಹಳೆಯ ಸರಣಿಯಲ್ಲಿ ಶೇ. 9.57 ಇದ್ದ 2006-07ರ ಬೆಳವಣಿಗೆ ಶೇ. 10.08ಕ್ಕೆ ಏರಿತು.

ವರದಿ ಸಚಿವಾಲಯದ ಜಾಲತಾಣದಲ್ಲಿತ್ತು. ಆಗಸ್ಟಿನಲ್ಲಿ ಸುದ್ದಿಯಾಗುತ್ತಲೇ ಎರಡಂಕಿಯ ಬೆಳವಣಿಗೆ ಯಾರ ಆಳ್ವಿಕೆಯಲ್ಲಿ ಬಂತೆಂದು ಪಕ್ಷಗಳ ನಡುವೆ ಜಗಳವೆದ್ದಿತು. ಇವು ಅಧಿಕೃತ ಅಂಕಿಗಳಲ್ಲ, ವಿಧಾನ ಇನ್ನೂ ತೀರ್ಮಾನವಾಗಿಲ್ಲ ಎಂದು ಸಚಿವಾಲಯ ಆಮೇಲೆ ಸ್ಪಷ್ಟಪಡಿಸಿತು. ಅಷ್ಟು ಹೊತ್ತಿಗೆ 10.08 ಎಲ್ಲರ ಬಾಯಲ್ಲಿತ್ತು. ಪರೀಕ್ಷೆಯ ಹಂತದ ಅಂಕಿ ಪ್ರಕಟಣೆಯ ಜಾಗದಲ್ಲಿ ಸಿಕ್ಕರೆ ಓದುವವರು ಅದನ್ನು ಪ್ರಕಟಣೆ ಎಂದೇ ತಿಳಿಯುತ್ತಾರೆ. ‘ಕರಡು’ ಎಂಬ ಮಾತನ್ನು ಆಮೇಲೆ ಸೇರಿಸಿ ಪ್ರಯೋಜನವಿಲ್ಲ.

2018ರ ನವೆಂಬರ್ 28ರಂದು ಅಧಿಕೃತ ಸರಣಿ ಬಂತು. ಅದು 2004-05ರವರೆಗೆ ಹಿಂದಕ್ಕೆ ಹೋಗಿತ್ತು, ದಿಕ್ಕು ಮಾತ್ರ ತಿರುವುಮುರುವಾಗಿತ್ತು. 2010-11ರ ಬೆಳವಣಿಗೆ ಶೇ. 10.3ರಿಂದ 8.5ಕ್ಕೆ, 2007-08ರದು 9.8ರಿಂದ 7.7ಕ್ಕೆ ಇಳಿದವು. 2006-07ಕ್ಕೆ ಶೇ. 8.1 ಬಂತು. ಇದನ್ನು ಸಮಿತಿಯ 10.08ರ ಎದುರು ಇಟ್ಟವರು ಬಹಳ ಮಂದಿ. ಆದರೆ 10.08ರ ಹೋಲಿಕೆ ಇದ್ದದ್ದು ಉತ್ಪಾದನಾಂಗ ವೆಚ್ಚದ 9.57ರ ಜೊತೆ, 8.1 ಮಾರುಕಟ್ಟೆ ಬೆಲೆಯ ಲೆಕ್ಕ, ಹಳೆಯ ಸರಣಿಯಲ್ಲಿ ಅದರ ಜೊತೆಗಾರ 9.3.

ಇಳಿಕೆಗೆ ಕೊಟ್ಟ ಕಾರಣಗಳಲ್ಲಿ ದೂರಸಂಪರ್ಕದ್ದು ಸುಲಭವಾಗಿ ಅರ್ಥವಾಗುವಂಥದು. ಹಿಂದೆ ಮೊಬೈಲ್ ಚಂದಾದಾರರ ಸಂಖ್ಯೆಯನ್ನು ಆಧಾರವಾಗಿಟ್ಟುಕೊಂಡಿದ್ದರು, ಈಗ ಮಾತಾಡಿದ ನಿಮಿಷಗಳನ್ನು ತೆಗೆದುಕೊಂಡರು. ಹೊಸ ಸಿಮ್ಮುಗಳು ಕೋಟಿಗಟ್ಟಲೆ ಮಾರಾಟವಾಗುತ್ತಿದ್ದ ವರ್ಷಗಳಲ್ಲಿ ಈ ಎರಡು ಅಳತೆಗಳು ಬೇರೆಬೇರೆ ವೇಗದಲ್ಲಿ ಏರುವುದು ಸಹಜ. ಕಾರಣಗಳನ್ನು ಒಪ್ಪಲಿ ಬಿಡಲಿ, ಚರ್ಚೆ ಹೆಚ್ಚಾಗಿ ಅಲ್ಲಿಗೆ ಮುಟ್ಟಲಿಲ್ಲ. ಅಂಕಿಗಳನ್ನು ಮುಖ್ಯ ಸಂಖ್ಯಾಶಾಸ್ತ್ರಜ್ಞರ ಜೊತೆಗೆ ನೀತಿ ಆಯೋಗದ ಉಪಾಧ್ಯಕ್ಷರೂ ಕೂತು ಬಿಡುಗಡೆ ಮಾಡಿದ್ದರಿಂದ, ಹಾಗೂ ಲೋಕಸಭೆ ಚುನಾವಣೆ ಆರು ತಿಂಗಳೊಳಗೇ ಇದ್ದುದರಿಂದ, ಟೀಕೆಯ ಬಹುಪಾಲು ಯಾರು ಹೇಳಿದರು ಎಂಬುದರ ಸುತ್ತಲೇ ತಿರುಗಿತು. ಮರುಗಣನೆಯನ್ನು ಲೆಕ್ಕ ಹಾಕಿದವರೇ ಪ್ರಕಟಿಸಬೇಕು, ಅಂಕಿಯಿಂದ ಲಾಭ ನಷ್ಟ ಇರುವವರು ದೂರವಿರಬೇಕು ಎಂಬುದು ಈ ಪ್ರಕರಣದಿಂದ ತೆಗೆಯಬಹುದಾದ ನಿರ್ಣಯ.

ತಿದ್ದದೆ ಪಕ್ಕದಲ್ಲಿಡುವ ಕ್ರಮ

ಹಳೆಯ ಅಂಕಿಯನ್ನು ಮುಟ್ಟಲೇಬಾರದ ಸಂದರ್ಭಗಳೂ ಇವೆ. ಅಮೆರಿಕದ ಗ್ರಾಹಕ ಬೆಲೆ ಸೂಚ್ಯಂಕ ಅಂಥದು. 1983ಕ್ಕೆ ಮುಂಚೆ ಅದರಲ್ಲಿ ಸ್ವಂತ ಮನೆಯ ವೆಚ್ಚವನ್ನು ಮನೆಯ ಬೆಲೆ, ಸಾಲದ ಬಡ್ಡಿಗಳಿಂದ ಲೆಕ್ಕ ಹಾಕುತ್ತಿದ್ದರು. ಬಡ್ಡಿ ಏರಿದಾಗ ಹಣದುಬ್ಬರ ಅದಕ್ಕೆ ತಕ್ಕಂತೆ ಉಬ್ಬಿ ಕಾಣುತ್ತಿತ್ತು. ಆ ವರ್ಷದಿಂದ, ಅದೇ ಮನೆಗೆ ಎಷ್ಟು ಬಾಡಿಗೆ ಬರುತ್ತಿತ್ತೆಂಬ ಅಂದಾಜನ್ನು ಬಳಸತೊಡಗಿದರು. ಆದರೆ ಹಿಂದಿನ ವರ್ಷಗಳ ಸೂಚ್ಯಂಕವನ್ನು ತಿದ್ದಲಿಲ್ಲ. ಪಿಂಚಣಿ, ಕೂಲಿ ಒಪ್ಪಂದಗಳು ಆ ಅಂಕಿಗೆ ಕಟ್ಟುಬಿದ್ದಿದ್ದವು. ಹಂಚಿಯಾದ ಹಣವನ್ನು ಹಿಂದಕ್ಕೆ ಕೇಳುವ ಹಾಗಿರಲಿಲ್ಲ.

ಕಾರ್ಮಿಕ ಅಂಕಿಅಂಶ ಕಚೇರಿ ಕಂಡುಕೊಂಡ ಉಪಾಯ, ಇಂದಿನ ವಿಧಾನಗಳನ್ನು 1970ರ ದಶಕದ ಕೊನೆಯವರೆಗೆ ಹಿಂದಕ್ಕೊಯ್ದು ಬೇರೆಯೇ ಹೆಸರಿನ ಸಂಶೋಧನಾ ಸರಣಿಯೊಂದನ್ನು ಸಿದ್ಧಪಡಿಸುವುದು. `CPI-U-RS` ಎಂಬ ಈ ಸರಣಿಯನ್ನು ಹಳೆಯ ಆದಾಯಗಳನ್ನು ಇಂದಿನ ಬೆಲೆಗೆ ತರಲು ಅಲ್ಲಿನ ಜನಗಣತಿ ಕಚೇರಿ ಹಲವು ವರ್ಷ ಬಳಸಿತು. ಒಪ್ಪಂದಕ್ಕೆ ಒಂದು ಸರಣಿ, ಹೋಲಿಕೆಗೆ ಇನ್ನೊಂದು. ಕಂಪನಿಗಳ ಬೋನಸ್ಸಿಗೂ ಇದೇ ಕ್ರಮ ಹೊಂದುತ್ತದೆ. ಹಳೆಯ ಸೂತ್ರದಲ್ಲಿ ಗುರಿ ನಿಗದಿಯಾಗಿದ್ದರೆ ಆ ವರ್ಷದ ಲೆಕ್ಕವನ್ನು ಹಳೆಯ ಸೂತ್ರದಲ್ಲೇ ಚುಕ್ತಾ ಮಾಡಿ, ಮುಂದಿನ ವರ್ಷದ ಗುರಿಯನ್ನು ಹೊಸದರಲ್ಲಿ ಹಾಕಬೇಕಾಗುತ್ತದೆ.

ಹೆಸರು ಬದಲಾವಣೆ

ಹೆಸರು ಒಂದೇ ಉಳಿದು ಅರ್ಥ ಬದಲಾದರೆ ಎಷ್ಟೇ ಟಿಪ್ಪಣಿ ಹಾಕಿದರೂ ಸಾಲದು. 2016ರಲ್ಲಿ ಫೇಸ್‌ಬುಕ್ ತನ್ನ ಸರಾಸರಿ ವಿಡಿಯೊ ವೀಕ್ಷಣಾ ಅವಧಿಯಲ್ಲಿ ತಪ್ಪಿದೆಯೆಂದು ಒಪ್ಪಿಕೊಂಡಿತು. ನೋಡಿದ ಒಟ್ಟು ಸಮಯವನ್ನು ಎಲ್ಲ ನೋಡುಗರಿಂದ ಭಾಗಿಸುವ ಬದಲು, ಕನಿಷ್ಠ 3 ಸೆಕೆಂಡು ನೋಡಿದವರಿಂದ ಮಾತ್ರ ಭಾಗಿಸಿದ್ದರು. ಛೇದ ಚಿಕ್ಕದಾದ್ದರಿಂದ ಸರಾಸರಿ ಉಬ್ಬಿತ್ತು. ಕಂಪನಿ ಸೂತ್ರವನ್ನು ತಿದ್ದುವುದರ ಜೊತೆಗೆ ಅಳತೆಯ ಹೆಸರನ್ನೂ ಬದಲಿಸಿತು. ಯೂಟ್ಯೂಬ್ 2025ರ ಮಾರ್ಚ್ 31ರಿಂದ ಶಾರ್ಟ್ಸ್ ವಿಡಿಯೊ ಶುರುವಾದರೆ ಸಾಕು, ಅದನ್ನು ಒಂದು ವೀಕ್ಷಣೆ ಎಂದು ಎಣಿಸತೊಡಗಿದಾಗ ಹಳೆಯ ಎಣಿಕೆಯನ್ನು ಬೇರೆ ಹೆಸರಿನಲ್ಲಿ ಉಳಿಸಿಕೊಂಡಿತು. ಹಣ ಪಾವತಿ ಹಳೆಯ ಎಣಿಕೆಯ ಮೇಲೆಯೇ ನಡೆಯುತ್ತದೆ.

ಮಿತಿಗಳು

ಮರುಗಣನೆ ಮೂಲ ನಮೂದುಗಳು ಸಿಗುವಲ್ಲಿಯವರೆಗೆ ಮಾತ್ರ ಹಿಂದಕ್ಕೆ ಹೋಗಬಲ್ಲದು. ಬಟ್ಟೆ ಕಂಪನಿಯ ಹೊಸ ಸೂತ್ರಕ್ಕೆ ಮರಳಿದ ಪ್ರತಿ ಮಾಲೂ ಯಾವ ಆರ್ಡರಿಗೆ ಸೇರಿದ್ದೆಂದು ಗೊತ್ತಿರಬೇಕು. ಮೊದಲ ವರ್ಷಗಳಲ್ಲಿ ಬರೀ ಒಟ್ಟು ಸಂಖ್ಯೆಯನ್ನು ಬರೆದಿಟ್ಟಿದ್ದರೆ ಆ ವರ್ಷಗಳಿಗೆ ಲೆಕ್ಕವೇ ಸಾಧ್ಯವಿಲ್ಲ. ನಿಯಮಗಳು ಬದಲಾದ ಕಡೆಯೂ ಇದೇ ತೊಡಕು: ಒಂದು ಕಾಲದಲ್ಲಿ ಮಾಲು ಮರಳಿಸಲು 15 ದಿನವಷ್ಟೇ ಅವಕಾಶವಿದ್ದರೆ, ಆ ಕಾಲಕ್ಕೆ 30 ದಿನದ ಸೂತ್ರ ಹಚ್ಚಿದಾಗ ಬರುವ ಕಡಿಮೆ ದರ ಗಿರಾಕಿಯ ತೃಪ್ತಿಯನ್ನು ತೋರಿಸುವುದಿಲ್ಲ. ಇತ್ತೀಚಿನ ತುದಿಯಲ್ಲೂ ಎಚ್ಚರ ಬೇಕು. ತಿಂಗಳು ಮುಗಿದು 30 ದಿನ ಕಳೆಯುವ ತನಕ ಹೊಸ ದರ ಅಪೂರ್ಣ, ಆವರೆಗೆ ಅದನ್ನು ‘ತಾತ್ಕಾಲಿಕ’ ಎಂದೇ ತೋರಿಸಬೇಕಾಗುತ್ತದೆ.

ಲೆಕ್ಕ ಸಾಧ್ಯವಿಲ್ಲದ ವರ್ಷಗಳನ್ನು ಗುಣಕದಿಂದ ಜೋಡಿಸಿ ತುಂಬಿದರೆ ಅದು ಜೋಡಣೆ ಎಂದು ಗೆರೆಯ ಮೇಲೆಯೇ ಬರೆದಿರಬೇಕು. ಹಾಗೆ ಬರೆಯಲು ಮನಸ್ಸಿಲ್ಲದಿದ್ದರೆ ಗೆರೆಯನ್ನು ಅಲ್ಲೇ ಕಡಿದು, ಹಿಂದಿನ ಭಾಗವನ್ನು ಹಳೆಯ ಸೂತ್ರದ ಹೆಸರಿನಲ್ಲೇ ಬಿಡುವುದು ಮೇಲು.